ಮೊದಲ ಕಾರು, 2019 ಮಾಡೆಲ್: ಥರ್ಡ್ ಪಾರ್ಟಿ ಮಾತ್ರ ಸಾಕಾ, ಫುಲ್ ಇನ್ಶೂರೆನ್ಸ್ ಬೇಕಾ?

ಹೊಸಸ್ಟೇರಿಂಗ್ (ಉಡುಪಿ)

ಎಲ್ಲರಿಗೂ ನಮಸ್ಕಾರ. ಪರಿಚಯದವರೊಬ್ಬರ 2019ರ ಹ್ಯಾಚ್‌ಬ್ಯಾಕ್ ತಗೊಳ್ತಿದ್ದೇನೆ. 1197 ಸಿಸಿ ಪೆಟ್ರೋಲ್, ಆರು ವರ್ಷ ದಾಟಿದೆ. ಸಾಲ ಇಲ್ಲ, ಪೂರ್ತಿ ಕೈಯಿಂದಲೇ ಹಣ. ಇನ್ಶೂರೆನ್ಸ್‌ಗೆ ಏಜೆಂಟ್ ಎರಡು ಕೊಟೇಶನ್ ಕಳಿಸಿದ್ದಾರೆ:

ಥರ್ಡ್ ಪಾರ್ಟಿ ಮಾತ್ರ: 3,416 + ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಅಂದ್ರೆ ಪಿಎ ಕವರ್ 350, ಜಿಎಸ್‌ಟಿ ಸೇರಿ 4,444 ರೂ.
ಫುಲ್ ಇನ್ಶೂರೆನ್ಸ್: ಮೇಲಿನದ್ದರ ಜೊತೆ ಸ್ವಂತ ಕಾರಿನ ಹಾನಿಗೆ ಓನ್ ಡ್ಯಾಮೇಜ್ ಅಂದ್ರೆ ಓಡಿ 4,700, ಜಿಎಸ್‌ಟಿ ಸೇರಿ 9,990 ರೂ. ಕಾರು ಪೂರ್ತಿ ಹೋದ್ರೆ ಸಿಗುವ ಮೊತ್ತ ಅಂದ್ರೆ ಐಡಿವಿ 3,60,000.

ಕ್ಲೇಮ್‌ನಲ್ಲಿ ಸವಕಳಿ ಕಡಿಯದ ಝೀರೋ ಡೆಪ್ ಬೇಕಾದ್ರೆ ಇನ್ನೂ 1,900 ಮತ್ತು ಜಿಎಸ್‌ಟಿ. ಪೊಲೀಸ್ ಹಿಡಿದ್ರೆ ತೋರಿಸೋಕೆ ಥರ್ಡ್ ಪಾರ್ಟಿ ಸಾಕು ಅಂತ ಮನೆಯಲ್ಲಿ ಹೇಳ್ತಾರೆ. ಹೆಚ್ಚಿನ 5,546 ರೂಪಾಯಿಗೆ ನಿಜವಾಗಿ ಏನು ಸಿಗುತ್ತದೆ? ಕಾರು ಮನೆ ಅಂಗಳದಲ್ಲಿ ತೆಂಗಿನಮರದ ಕೆಳಗೆ ನಿಲ್ಲುತ್ತದೆ. ದಿನಕ್ಕೆ 20 ಕಿ.ಮೀ. ಓಡಾಟ.

ರಿಂಗ್‌ರೋಡ್ ರಾಜ

ಪೊಲೀಸ್ ತಪಾಸಣೆಗೆ ಥರ್ಡ್ ಪಾರ್ಟಿ ಸಾಕು, ಅದು ಸರಿ. ಇಲ್ಲದಿದ್ದರೆ ಮೊದಲ ಸಲ 2,000 ದಂಡ, ಮತ್ತೆ ಸಿಕ್ಕಿದರೆ 4,000. ಆರು ವರ್ಷದ ಕಾರಿಗೆ ಫುಲ್ ಹಾಕೋದು ದುಡ್ಡು ದಂಡ ಅಂತ ನನ್ನ ಅಭಿಪ್ರಾಯ. ಎದುರಿನವನು ಗುದ್ದಿದರೆ ಅವನ ಥರ್ಡ್ ಪಾರ್ಟಿಯಿಂದ ನಿಮಗೆ ಸಿಗುತ್ತೆ. ನೀವು ಗುದ್ದಿದರೆ ನಿಮ್ಮ ಥರ್ಡ್ ಪಾರ್ಟಿ ಅವನಿಗೆ ಕೊಡುತ್ತೆ. ಹುಷಾರಾಗಿ ಓಡಿಸಿ, ಮುಗೀತು.

ಸರ್ವೇ ಪುಸ್ತಕ

ರಾಜ ಅವರು ಹೇಳಿದ್ದು ಕಾಗದದ ಮೇಲೆ ಸರಿ. ನೆಲದ ಮೇಲೆ ಹಾಗೆ ನಡೆಯುವುದಿಲ್ಲ. ಎದುರಿನವನ ವಿಮೆಯಿಂದ ನಿಮ್ಮ ಬಂಪರ್ ದುಡ್ಡು ಬರಬೇಕಾದರೆ ಅವನ ತಪ್ಪು ಸಾಬೀತಾಗಬೇಕು, ಪೊಲೀಸ್ ದೂರು ಇರಬೇಕು, ಮೋಟಾರು ಅಪಘಾತ ನ್ಯಾಯಮಂಡಳಿಗೆ ವಕೀಲರ ಮೂಲಕ ಅರ್ಜಿ ಹೋಗಬೇಕು. ಮೂವತ್ತು ಸಾವಿರದ ರಿಪೇರಿಗೆ ಯಾರೂ ಅಲ್ಲಿ ಅಲೆಯುವುದಿಲ್ಲ. ರಸ್ತೆಯಲ್ಲೇ ಜಗಳ ಮಾಡಿ ಐದು ಸಾವಿರಕ್ಕೆ ರಾಜಿ ಆಗುತ್ತಾರೆ, ಇಲ್ಲವೇ ತಮ್ಮದೇ ಓಡಿ ಕ್ಲೇಮ್ ಹಾಕುತ್ತಾರೆ. ಓಡಿ ಇಲ್ಲದವನಿಗೆ ಎರಡನೇ ದಾರಿ ಇಲ್ಲ.

ಇನ್ನು ಎದುರಿನವನೇ ಇಲ್ಲದ ನಷ್ಟಗಳು: ತೆಂಗಿನಕಾಯಿ ಬಿತ್ತು, ರಿವರ್ಸ್‌ನಲ್ಲಿ ಗೇಟಿನ ಕಂಬಕ್ಕೆ ತಾಗಿತು, ಬೆಂಕಿ ಹಿಡಿಯಿತು, ಕಳುವಾಯಿತು, ಮಳೆನೀರು ನುಗ್ಗಿತು. ಇವುಗಳಲ್ಲಿ ಒಂದಕ್ಕೂ ಥರ್ಡ್ ಪಾರ್ಟಿ ಪಾಲಿಸಿ ಒಂದು ರೂಪಾಯಿ ಕೊಡುವುದಿಲ್ಲ. ಆ ಪಾಲಿಸಿಗೆ ನಿಮ್ಮ ಕಾರು ಕಾಣಿಸುವುದೇ ಇಲ್ಲ. ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿ ಮಾತ್ರ ಅದರ ಲೆಕ್ಕ. ಸಾವು, ಗಾಯಕ್ಕೆ ಮಿತಿ ಇಲ್ಲ, ಆಸ್ತಿ ಹಾನಿಗೆ 7.5 ಲಕ್ಷದವರೆಗೆ.

ಒಂದು ಮಾತು: 3,416 ಅನ್ನುವುದು ಸರ್ಕಾರ ನಿಗದಿ ಮಾಡಿದ ದರ. 1000ದಿಂದ 1500 ಸಿಸಿಯ ಖಾಸಗಿ ಕಾರಿಗೆ 2022ರ ಜೂನ್‌ನಿಂದ ಇದೇ. ಯಾವ ಕಂಪನಿಯಲ್ಲಿ ಕೇಳಿದರೂ ಅಷ್ಟೇ, ಅಲ್ಲಿ ಚೌಕಾಸಿ ಇಲ್ಲ. ಚೌಕಾಸಿ ಇರುವುದು ಆ 4,700ರಲ್ಲಿ. ಅದೇ ಐಡಿವಿಗೆ ಇನ್ನೆರಡು ಕಡೆ ಕೊಟೇಶನ್ ಕೇಳಿ.

ಸುಮಾ ಭಟ್

ನನ್ನದೂ ಇದೇ ವಿಷಯ ಸರ್. ಹೋದ ವರ್ಷ ಶೋರೂಮಿನಿಂದ ಹೊಸ ಕಾರು ತಗೊಂಡೆ, 3 ವರ್ಷದ ಇನ್ಶೂರೆನ್ಸ್ ಮಾಡಿಸಿ ಕೊಟ್ಟಿದ್ದಾರೆ. ಹಾಗಾಗಿ 2027ರವರೆಗೆ ಫುಲ್ ಇದೆ, ರಿನ್ಯೂ ಮಾಡಬೇಕಿಲ್ಲ ಅಲ್ವಾ? ಹೊಸ ಕಾರೇ ತಗೊಂಡರೆ ಈ ತಲೆನೋವು ಇಲ್ಲ ಅಂತ ಹೇಳೋಣ ಅಂತ ಬಂದೆ.

ಸರ್ವೇ ಪುಸ್ತಕ

ಮೇಡಂ, ಈಗಲೇ ಪಾಲಿಸಿ ಪಿಡಿಎಫ್ ತೆಗೆದು ಮೊದಲ ಪುಟ ನೋಡಿ. ಅವಧಿ ಎರಡು ಸಾಲಿನಲ್ಲಿ ಇರುತ್ತದೆ. ಲಯಬಿಲಿಟಿ ಅಂದರೆ ಥರ್ಡ್ ಪಾರ್ಟಿ 3 ವರ್ಷ, ಓನ್ ಡ್ಯಾಮೇಜ್ 1 ವರ್ಷ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಓಡಿ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಹೋದ ವರ್ಷ ತೆಗೆದುಕೊಂಡದ್ದಾದರೆ ಅದು ಮುಗಿಯುತ್ತಿರಬೇಕು ಅಥವಾ ಮುಗಿದಿರಬೇಕು. ಎರಡನೇ ವರ್ಷಕ್ಕೆ ಓಡಿ ಒಂದನ್ನೇ ಬಿಡಿಯಾಗಿ ಮಾಡಿಸಬಹುದು, ಬೇರೆ ಕಂಪನಿಯಲ್ಲೂ ಆಗುತ್ತದೆ. ಆ್ಯಪ್‌ನಲ್ಲಿ "ವಿಮೆ ಚಾಲ್ತಿಯಲ್ಲಿದೆ" ಅಂತ ತೋರಿಸಿದ್ದನ್ನು ನಂಬಿ ಕೂರಬೇಡಿ. ಥರ್ಡ್ ಪಾರ್ಟಿ ಜೀವಂತ ಇದ್ದರೂ ಅದು ಹಾಗೇ ತೋರಿಸುತ್ತದೆ.

ಸುಮಾ ಭಟ್

ನೋಡಿದೆ. ಓನ್ ಡ್ಯಾಮೇಜ್ ಮುಗಿದು 41 ದಿನ ಆಗಿದೆ! ಶೋರೂಮಿನವರು ಹೇಳಲೇ ಇಲ್ಲ.

ಸರ್ವೇ ಪುಸ್ತಕ

90 ದಿನ ದಾಟಿಲ್ಲ, ಹಾಗಾಗಿ ಕ್ಲೇಮ್ ಇಲ್ಲದ ವರ್ಷಕ್ಕೆ ಸಿಗುವ ರಿಯಾಯಿತಿ, ಅಂದರೆ 20% ಎನ್‌ಸಿಬಿ ಉಳಿಯುತ್ತದೆ, ಕ್ಲೇಮ್ ಮಾಡಿಲ್ಲದಿದ್ದರೆ. ಆದರೆ ಗ್ಯಾಪ್ ಬಿದ್ದಿರುವುದರಿಂದ ಇನ್‌ಸ್ಪೆಕ್ಷನ್ ಕೇಳುತ್ತಾರೆ. ಕಾರು ತೊಳೆದು ಹಗಲು ಬೆಳಕಿನಲ್ಲಿ ಮೊಬೈಲ್ ವಿಡಿಯೋ ಮಾಡಿ. ನಾಲ್ಕೂ ಬದಿ, ಬಾನೆಟ್ ತೆರೆದು ಇಂಜಿನ್, ಚಾಸಿ ನಂಬರ್, ಓಡೋಮೀಟರ್, ಒಳಗಿನಿಂದ ಮುಂಗಾಜು ಬರಬೇಕು. ಈಗಾಗಲೇ ಇರುವ ಗೀರು, ತಗ್ಗು ಬರೆದುಕೊಳ್ಳುತ್ತಾರೆ, ಮುಂದೆ ಅವಕ್ಕೆ ಕ್ಲೇಮ್ ಇಲ್ಲ. ಒಪ್ಪಿಗೆ ಬಂದಮೇಲೆ ಹಣ ಕಟ್ಟಲು ಒಂದೆರಡು ದಿನ ಮಾತ್ರ ಸಮಯ ಇರುತ್ತದೆ, ಮೀರಿದರೆ ಮತ್ತೆ ವಿಡಿಯೋ.

ಹೊಸಸ್ಟೇರಿಂಗ್

ಹಾಗಾದ್ರೆ ನಾನು ಈಗ ಥರ್ಡ್ ಪಾರ್ಟಿ ತಗೊಂಡು, ಆರು ತಿಂಗಳಾದ ಮೇಲೆ ಬೇಕು ಅನ್ನಿಸಿದ್ರೆ ಫುಲ್ ಮಾಡಬಹುದಾ? ಕೈ ಪಳಗಿದ ಮೇಲೆ.

ಗ್ಯಾರೇಜ್ ಗಣಪ

ಉಲ್ಟಾ ಯೋಚನೆ ಮಾಡ್ತಿದ್ದೀರಿ ಮಾರಾಯ್ರೆ. ಕೈ ಪಳಗುವ ಮೊದಲೇ ಅಲ್ವಾ ಬಂಪರ್ ಹೋಗೋದು. ಹೊಸಬರ ಕಾರು ಗ್ಯಾರೇಜಿಗೆ ಬರೋದು ಹೆಚ್ಚಾಗಿ ಎಡಗಡೆ ಹಿಂದಿನ ಬಾಗಿಲು, ಎಡ ರನ್ನಿಂಗ್ ಬೋರ್ಡ್ ಉಜ್ಜಿಕೊಂಡು. ಒಳಚಕ್ರ ಕಂಬವನ್ನು ಹತ್ತಿರ ಎಳೆದುಕೊಂಡು ತಿರುಗುತ್ತದೆ ಅನ್ನೋದು ಗೊತ್ತಿರಲ್ಲ. ಅದಾದ ಮೇಲೆ ಮುಂದೆ ನಿಂತ ಗಾಡಿಗೆ ಮುಟ್ಟಿದ ಬಂಪರ್.

ಸರ್ವೇ ಪುಸ್ತಕ

ಮಾಡಬಹುದು, ಮೇಲೆ ಹೇಳಿದ ಇನ್‌ಸ್ಪೆಕ್ಷನ್ ಆಗಿ. ಆದರೆ ಆ ಆರು ತಿಂಗಳಿನ ತಗ್ಗುಗಳೆಲ್ಲ ನಿಮ್ಮ ಖಾತೆಗೆ.

ಈಗ ಲೆಕ್ಕ ಹಾಕೋಣ. ಮುಂದೆ ನಿಂತ ಟೆಂಪೋದ ಹಿಂಬದಿಗೆ ಗುದ್ದಿದಿರಿ, ಬಾನೆಟ್ ಎದ್ದು ಮುಂಗಾಜೂ ಒಡೆಯಿತು ಅಂತಿಟ್ಟುಕೊಳ್ಳಿ. ಜಿಎಸ್‌ಟಿ ಬಿಟ್ಟು ಬಿಲ್ ಹೀಗೆ:

ಮುಂದಿನ ಬಂಪರ್ 4,000. ಹೆಡ್‌ಲ್ಯಾಂಪ್ 6,000. ಎರಡೂ ಪ್ಲಾಸ್ಟಿಕ್ ಲೆಕ್ಕ, ಅರ್ಧ ಸವಕಳಿ, ಕಂಪನಿ ಕೊಡುವುದು 5,000.
ಬಾನೆಟ್ 9,000. ಲೋಹ, 5 ವರ್ಷ ದಾಟಿದ ಕಾರಿಗೆ 40% ಸವಕಳಿ, ಸಿಗುವುದು 5,400.
ಮುಂಗಾಜು 6,500. ಗಾಜಿಗೆ ಸವಕಳಿ ಇಲ್ಲ, ಪೂರ್ತಿ.
ಪೇಂಟಿಂಗ್ 8,000. ಇದರಲ್ಲಿ ಕಾಲು ಭಾಗ ಬಣ್ಣದ ಸಾಮಗ್ರಿ ಎಂದು ಹಿಡಿದು ಅದರ ಅರ್ಧ ಕಡಿಯುತ್ತಾರೆ. ಅಂದರೆ 1,000 ಹೋಗಿ 7,000.
ಕೂಲಿ 5,000, ಪೂರ್ತಿ.

ಒಟ್ಟು ಬಿಲ್ 38,500. ಸವಕಳಿ ಕಳೆದು 28,900. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯವಾಗಿ 1,000 ಕಡಿತ. ಕಂಪನಿ 27,900 ಕೊಡುತ್ತದೆ, ನಿಮ್ಮ ಕೈಯಿಂದ 10,600. ಝೀರೋ ಡೆಪ್ ಇದ್ದರೆ ನಿಮ್ಮ ಪಾಲು ಆ 1,000 ಮಾತ್ರ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಪೂರ್ತಿ 38,500 ನಿಮ್ಮದೇ. ಟೆಂಪೋದವನ ಹಾನಿಯನ್ನಷ್ಟೇ ಪಾಲಿಸಿ ನೋಡಿಕೊಳ್ಳುತ್ತದೆ.

ರಿಂಗ್‌ರೋಡ್ ರಾಜ

ಸರಿ ಸಾರ್, ಒಪ್ಪಿದೆ. ಆದ್ರೆ ಸಣ್ಣಪುಟ್ಟದ್ದಕ್ಕೆ ಕ್ಲೇಮ್ ಹಾಕಿ ಎನ್‌ಸಿಬಿ ಕಳ್ಕೊಳ್ಳೋದು ಲಾಭ ಅಲ್ಲ, ಅದನ್ನೂ ಹೇಳಿ.

ಸರ್ವೇ ಪುಸ್ತಕ

ಸರಿಯಾದ ಮಾತು. ಹಿಂದಿನ ಬಂಪರ್ ಮಾತ್ರ ಒಡೆದು ಬಿಲ್ 4,000 ಆದರೆ, ಅರ್ಧ ಸವಕಳಿ, 1,000 ಕಡಿತ ಕಳೆದು ಸಿಗುವುದು 1,000. ಅದಕ್ಕಾಗಿ ಮುಂದಿನ ವರ್ಷದ 20% ರಿಯಾಯಿತಿ, ಅಂದರೆ 4,700ಕ್ಕೆ 940 ರೂಪಾಯಿ, ಹೋಗುತ್ತದೆ. ಅಷ್ಟೇ ಅಲ್ಲ, 25, 35, 45, 50 ಅಂತ ಏರುವ ಮೆಟ್ಟಿಲೂ ಒಂದು ವರ್ಷ ಹಿಂದೆ ಬೀಳುತ್ತದೆ. ಇಂಥದ್ದನ್ನು ಕೈಯಿಂದಲೇ ಕಟ್ಟಿ. ಓಡಿ ಇರುವುದು ಬಂಪರ್‌ಗಲ್ಲ, ಕಳುವಾದಾಗ ಅಥವಾ ಕಾರು ಗುಜರಿ ಸೇರುವಂತಾದಾಗ ಆ 3,60,000 ಬರಲಿ ಅಂತ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ, ಅಂದರೆ ಇಲ್ಲಿ 2,70,000 ದಾಟಿದರೆ, ಅದನ್ನು ಪೂರ್ಣ ನಷ್ಟ ಎಂದು ಪರಿಗಣಿಸುತ್ತಾರೆ.

ಅದಕ್ಕೇ ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವ ಕೊಟೇಶನ್ ಬಂದರೆ ಹುಷಾರು. 2,60,000 ಐಡಿವಿ ಹಾಕಿ 1,300 ರೂಪಾಯಿ ಉಳಿಸಿ ಕೊಟ್ಟರೆ, ಕಳುವಾದ ದಿನ ಒಂದು ಲಕ್ಷ ನಿಮ್ಮ ಜೇಬಿನದ್ದು.

ಕುಂದಾಪುರದವ

ನಿಮ್ಮ ತೆಂಗಿನಮರದ ವಿಷಯ. ಕಾಯಿ ಬಿದ್ದರೆ ಓಡಿ ಇದ್ದಲ್ಲಿ ಕ್ಲೇಮ್ ಆಗುತ್ತದೆ, ಅದು ಹೊರಗಿನಿಂದ ಆದ ಅಪಘಾತ. ಆದರೆ ಕಾಯಿ ಅಲ್ಲೇ ಇರುವಾಗಲೇ ಫೋಟೋ ತೆಗೆಯಿರಿ, ಗಾಜಿನ ಚೂರು ಗುಡಿಸಬೇಡಿ, ತಕ್ಷಣ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತಗೊಳ್ಳಿ. ಸರ್ವೇಯರ್ ನೋಡುವ ಮೊದಲು ಗ್ಯಾರೇಜಿನವರು ಬಿಚ್ಚಿದರೆ ಕಷ್ಟ. ಹಾಗೆಯೇ ರೂಫ್ ತಗ್ಗಿಗೂ ಹಳೇ ಬಂಪರ್ ಗೀರಿಗೂ ಒಂದೇ ಕ್ಲೇಮ್ ಹಾಕೋಕೆ ಹೋಗಬೇಡಿ. ತೆಂಗಿನಕಾಯಿ ಬಂಪರ್‌ಗೆ ಅಡ್ಡಲಾಗಿ ಗೀರಲ್ಲ, ಸರ್ವೇಯರ್‌ಗೆ ಅದು ಗೊತ್ತು.

ಮಳೆಗಾಲದಲ್ಲಿ ಇನ್ನೊಂದು. ನಿಂತ ಕಾರಿಗೆ ನೀರು ನುಗ್ಗಿದರೆ ಸೀಟು, ವೈರಿಂಗ್ ಸ್ವಚ್ಛಗೊಳಿಸುವ ಖರ್ಚು ಓಡಿಯಲ್ಲಿ ಬರುತ್ತದೆ. ಆದರೆ ಆ ಸ್ಥಿತಿಯಲ್ಲಿ ಕೀ ತಿರುಗಿಸಿ ಸ್ಟಾರ್ಟ್ ಮಾಡಿದಿರೋ, ಸಿಲಿಂಡರಿಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರನ್ನು ಅದುಮಲು ಆಗುವುದಿಲ್ಲವಲ್ಲ. ಆ ಇಂಜಿನ್ ಕೆಲಸ ಸಾದಾ ಫುಲ್ ಇನ್ಶೂರೆನ್ಸ್‌ನಲ್ಲಿ ತಿರಸ್ಕೃತ ಆಗುತ್ತದೆ, ಇಂಜಿನ್ ಪ್ರೊಟೆಕ್ಟ್ ಬೇರೆ ತಗೊಂಡಿರಬೇಕು. ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ರಿಂಗ್‌ರೋಡ್ ರಾಜ

ಒಂದು ಸಮಾಧಾನ ಏನಂದ್ರೆ ಕಾರಿನ ಕಥೆ ಏನೇ ಇರಲಿ, ಜನರಿಗೆ ಥರ್ಡ್ ಪಾರ್ಟಿಯಲ್ಲೇ ರಕ್ಷಣೆ ಇದೆ. ನಾವು ಬಿಟ್ಟು ಉಳಿದ ಎಲ್ಲರೂ ಥರ್ಡ್ ಪಾರ್ಟಿಯೇ, ಹಿಂದೆ ಕೂತ ಅಪ್ಪ ಅಮ್ಮನೂ ಸೇರಿ. ನಮಗೆ 15 ಲಕ್ಷದ ಪಿಎ ಇದೆ.

ಕೋರ್ಟ್ ಹಾಲ್ 3

ಇದು ತಪ್ಪು, ಮತ್ತು ಬಹಳ ದುಬಾರಿ ತಪ್ಪು. ಇಷ್ಟು ಹೊತ್ತು ಎಲ್ಲರೂ ಬಂಪರ್ ಲೆಕ್ಕ ಹಾಕುತ್ತಿದ್ದೀರಿ, ಎರಡು ಪಾಲಿಸಿಗಳ ನಡುವಿನ ದೊಡ್ಡ ವ್ಯತ್ಯಾಸ ಇಲ್ಲಿದೆ.

ಖಾಸಗಿ ಕಾರಿನಲ್ಲಿ ಸುಮ್ಮನೆ ಜೊತೆಗೆ ಬಂದವರು, ಹೆಂಡತಿ, ತಾಯಿ, ಸ್ನೇಹಿತ ಯಾರೇ ಇರಲಿ, ಬರೀ ಕಾಯ್ದೆಗೆ ಬೇಕಾದಷ್ಟು ಮಾತ್ರ ಇರುವ ಪಾಲಿಸಿಯಲ್ಲಿ ಥರ್ಡ್ ಪಾರ್ಟಿ ಎಂದು ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಕೋರ್ಟುಗಳು ಹಿಡಿದಿರುವ ನಿಲುವು. ಪ್ಯಾಕೇಜ್ ಅಥವಾ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಾದರೆ ಕಾರಿನೊಳಗೆ ಕೂತವರ ಹೊಣೆಯೂ ಕಂಪನಿಯದ್ದೇ. ವಿಮಾ ನಿಯಂತ್ರಕರು 2009ರ ನವೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿ ಇದನ್ನು ಸ್ಪಷ್ಟಪಡಿಸಿದರು. 2012ರಲ್ಲಿ ಸುಪ್ರೀಂ ಕೋರ್ಟ್ ಬಾಲಕೃಷ್ಣನ್ ಪ್ರಕರಣದಲ್ಲಿ ಎರಡು ಬಗೆಯ ಪಾಲಿಸಿಗಳ ನಡುವೆ ಇದೇ ಗೆರೆ ಎಳೆಯಿತು.

ಇದರ ಅರ್ಥ: ನಿಮ್ಮ ತಪ್ಪಿನಿಂದ ಅಪಘಾತವಾಗಿ ಹಿಂದೆ ಕೂತಿದ್ದ ಸ್ನೇಹಿತನ ಕಾಲು ಮುರಿದರೆ, ನ್ಯಾಯಮಂಡಳಿ ಪರಿಹಾರ ವಿಧಿಸುತ್ತದೆ. ಪಾಲಿಸಿ ಲಯಬಿಲಿಟಿ ಓನ್ಲಿ ಆಗಿದ್ದರೆ ಕಂಪನಿ ಕೈ ಎತ್ತುತ್ತದೆ, ಹಣ ಕಾರಿನ ಮಾಲೀಕರಾದ ನೀವು ಕೊಡಬೇಕು. ಕೆಲವೊಮ್ಮೆ ಕಂಪನಿಯೇ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂಬ ಆದೇಶ ಬರುತ್ತದೆ. ಗಾಯಾಳುವಿಗೆ ಅದು ಒಳ್ಳೆಯದು, ನಿಮಗೆ ಏನೂ ಉಳಿಯುವುದಿಲ್ಲ.

ಪಿಎ ಬಗ್ಗೆ: ಆ 15 ಲಕ್ಷ ಸಿಗುವುದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕನಿಗೆ, ಚಾಲ್ತಿಯಲ್ಲಿರುವ ಡಿಎಲ್ ಇದ್ದರೆ. ನಿಮ್ಮ ತಮ್ಮ ಓಡಿಸುವಾಗ ಅವನಿಗೆ ಏನಾದರೂ ಆದರೆ ಆ ಕವರ್ ಅವನದ್ದಲ್ಲ.

ರಿಂಗ್‌ರೋಡ್ ರಾಜ

ಇದು ನಿಜಕ್ಕೂ ಗೊತ್ತಿರಲಿಲ್ಲ. ಆದ್ರೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಬದಲಾಗಿಲ್ವಾ?

ಕೋರ್ಟ್ ಹಾಲ್ 3

ಹಾಗೆ ವಾದಿಸುವ ವಕೀಲರಿದ್ದಾರೆ, ನಾನೂ ವಾದಿಸಿಯೇನು. ಆದರೆ 5,546 ರೂಪಾಯಿ ಉಳಿಸಲು ನಿಮ್ಮ ಮನೆಯವರನ್ನು ಆ ವಾದದ ಮೇಲೆ ಕೂರಿಸುವುದು ಬೇಡ.

ಹೊಸಸ್ಟೇರಿಂಗ್

ಸರ್, ಇದೊಂದೇ ಕಾರಣಕ್ಕೆ ಫುಲ್ ಮಾಡಿಸ್ತೇನೆ. ಈಗ ಇನ್ನೊಂದು ಗೊಂದಲ. ಮಾರುವವರ ಹಳೇ ಫುಲ್ ಪಾಲಿಸಿಯಲ್ಲಿ ಇನ್ನೂ 5 ತಿಂಗಳು ಇದೆ, 50% ಎನ್‌ಸಿಬಿ ಜೊತೆ. ಅವರು "ಅದೇ ಓಡಿಸಿ, ಮುಗಿದ ಮೇಲೆ ನಿಮ್ಮ ಹೆಸರಿಗೆ ಮಾಡ್ಕೊಳ್ಳಿ" ಅಂತಾರೆ.

ಸರ್ವೇ ಪುಸ್ತಕ

ಹಳೇ ಕಾರು ಕೊಳ್ಳುವವರು ಸಿಕ್ಕಿಬೀಳುವುದು ಇಲ್ಲೇ. ಕಾರು ಕೈ ಬದಲಾದಾಗ ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ತಾನಾಗಿಯೇ ಹೊಸ ಮಾಲೀಕನಿಗೆ ಬರುತ್ತದೆ. ಓಡಿ ಹಾಗಲ್ಲ. 14 ದಿನದೊಳಗೆ ಕಂಪನಿಗೆ ಬರೆದು ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಬೇಕು. ಮಾಡಿಸದೆ ಗುದ್ದಿದಿರಿ ಅಂತಿಟ್ಟುಕೊಳ್ಳಿ. ಪಾಲಿಸಿ ಅವರ ಹೆಸರಲ್ಲಿ, ಕಾರು ನಿಮ್ಮದು. ಅವರಿಗೆ ನಷ್ಟವಾಗಿಲ್ಲ, ನಿಮ್ಮ ಜೊತೆ ಕಂಪನಿಗೆ ಒಪ್ಪಂದವಿಲ್ಲ. ಕ್ಲೇಮ್ ತಿರಸ್ಕೃತ. ಫುಲ್ ಇನ್ಶೂರೆನ್ಸ್ ಇದೆ ಅಂತ ನಂಬಿ ಐದು ತಿಂಗಳು ಥರ್ಡ್ ಪಾರ್ಟಿಯಲ್ಲೇ ಓಡಿಸಿದಂತೆ.

ಎನ್‌ಸಿಬಿ ಕಾರಿನದ್ದಲ್ಲ, ಮಾಲೀಕನದ್ದು. ಆ 50% ಅವರ ಜೊತೆ ಹೋಗುತ್ತದೆ, ನಿಮ್ಮದು ಸೊನ್ನೆಯಿಂದ ಶುರು. ಹಾಗಾಗಿ ವರ್ಗಾವಣೆಗೆ ಉಳಿದ ಅವಧಿಯ ಎನ್‌ಸಿಬಿ ವ್ಯತ್ಯಾಸ ಕಟ್ಟಬೇಕು. ಓಡಿ 4,700 ಎಂದು ಹಿಡಿದರೆ ರಿಯಾಯಿತಿ 2,350, ಐದು ತಿಂಗಳಿಗೆ ಸುಮಾರು 979, ಜೊತೆಗೆ ಜಿಎಸ್‌ಟಿ ಮತ್ತು ಸಣ್ಣ ವರ್ಗಾವಣೆ ಶುಲ್ಕ. ಹೊಸ ಪಾಲಿಸಿಯ 9,990 ಈಗಲೇ ಕಟ್ಟುವುದಕ್ಕಿಂತ ಇದು ಅಗ್ಗ. ಬೇಕಾಗುವುದು ಫಾರ್ಮ್ 29 ಮತ್ತು 30ರ ಪ್ರತಿ, ಆರ್‌ಸಿ, ಹಳೇ ಪಾಲಿಸಿ, ಅವರ ಒಪ್ಪಿಗೆ ಪತ್ರ, ನಿಮ್ಮ ಕೆವೈಸಿ. ಪಿಎ ಕವರ್ ನಿಮ್ಮ ಹೆಸರಲ್ಲಿ ಹೊಸದಾಗಿ ಸೇರಿಸಲು ಹೇಳಿ.

ಗ್ಯಾರೇಜ್ ಗಣಪ

ಝೀರೋ ಡೆಪ್ ಹಾಕಿಸಬೇಕಾ ಬೇಡವಾ ಅಂತ ಯಾರೂ ಹೇಳಿಲ್ಲ. 1,900 + ಜಿಎಸ್‌ಟಿ ಅಂದ್ರೆ 2,242. ಮೊದಲ ವರ್ಷ ಹಾಕಿಸಿ ಅಂತೇನೆ ನಾನು. ಪ್ಲಾಸ್ಟಿಕ್ ಭಾಗಗಳೇ ಮೊದಲು ಹೋಗೋದು.

ಸರ್ವೇ ಪುಸ್ತಕ

ನಾನು ಹಾಕಿಸುವುದಿಲ್ಲ. ಐದು ವರ್ಷ ದಾಟಿದ ಕಾರಿಗೆ ಕೆಲವು ಕಂಪನಿಗಳು ಕೊಡುವುದೇ ಇಲ್ಲ, ಕೊಟ್ಟರೂ ವರ್ಷಕ್ಕೆ ಇಷ್ಟೇ ಕ್ಲೇಮ್ ಎಂದು ಕಟ್ಟು ಹಾಕಿರುತ್ತಾರೆ. ಮೇಲಿನ ಲೆಕ್ಕದ ಗುದ್ದಿನಲ್ಲಿ ಅದು ಉಳಿಸುವುದು 9,600. ಅಂಥದ್ದು ನಾಲ್ಕು ವರ್ಷಕ್ಕೊಮ್ಮೆ ಆದರೆ ಲಾಭ ನಷ್ಟ ಸಮ.

ಗ್ಯಾರೇಜ್ ಗಣಪ

ಹೊಸಬರು ನಾಲ್ಕು ವರ್ಷ ಕಾಯಲ್ಲ ಮಾರಾಯ್ರೆ.

ಹೊಸಸ್ಟೇರಿಂಗ್

ಹ್ಹಹ್ಹ. ಹಳೇ ಪಾಲಿಸಿ ತರಿಸಿ ನೋಡಿದೆ, ಅದರಲ್ಲಿ ಝೀರೋ ಡೆಪ್ ಇದೆ. ಹೆಸರು ಬದಲಾದ ಮೇಲೂ ಉಳಿಯುತ್ತದಾ?

ಸರ್ವೇ ಪುಸ್ತಕ

ಅದು ಆ ಪಾಲಿಸಿಯ ನಿಯಮ ನೋಡಿ ಹೇಳಬೇಕು. ವರ್ಗಾವಣೆ ಅರ್ಜಿಯಲ್ಲೇ "ಎಲ್ಲ ಆ್ಯಡ್-ಆನ್ ಸಮೇತ" ಎಂದು ಬರೆಯಿರಿ, ಎಂಡಾರ್ಸ್‌ಮೆಂಟ್ ಬಂದಾಗ ಅದರಲ್ಲಿ ಇದೆಯೇ ಎಂದು ಓದಿ. ಅದು ಕೈಗೆ ಬರುವವರೆಗೆ ಕಾರನ್ನು ತೆಂಗಿನಮರದ ಕೆಳಗೆ ನಿಲ್ಲಿಸಬೇಡಿ.